ಆಧಾರ್ ನಂಬರ್ ಹಾಕುವ ಮೊದಲು ವಿಳಾಸವನ್ನು ಬಲಗಡೆಯಿಂದ ಓದಿ

ಪ್ರಶ್ನೆ: ಸರ್, ನಾನು ಕಾರವಾರದ ಕಾಜುಬಾಗದಲ್ಲಿ ನಮ್ಮ ಅಪಾರ್ಟ್‌ಮೆಂಟ್ ನಿವಾಸಿಗಳ ಸಂಘದ ಕಾರ್ಯದರ್ಶಿ. ನಿವೃತ್ತ ಶಿಕ್ಷಕ. ಮುಂದಿನ ಭಾನುವಾರದ ಸಭೆಯಲ್ಲಿ ಐದಾರು ನಿಮಿಷ ಮಾತಾಡಬೇಕು. ಆಧಾರ್, ಪ್ಯಾನ್, ಪಾಸ್‌ಪೋರ್ಟ್ ವಿವರ ಯಾವುದೇ ವೆಬ್‌ಸೈಟ್‌ನಲ್ಲಿ ಹಾಕುವ ಮೊದಲು ಅದು ಅಸಲಿಯೋ ನಕಲಿಯೋ ಅಂತ ನೋಡುವುದು ಹೇಗೆ ಎಂದು ಹೇಳಬೇಕು. ಕೇಳುವವರಲ್ಲಿ ಹೆಚ್ಚಿನವರು ಅರವತ್ತು ದಾಟಿದವರು. ಹೆದರಿಸುವ ಭಾಷಣ ಬೇಡ. ಒಂದು ಸಣ್ಣ ಭಾಷಣ ಬರೆದುಕೊಡುತ್ತೀರಾ? ಅವರು ತಿರುಗಿ ಪ್ರಶ್ನೆ ಕೇಳಿದರೆ ಏನು ಹೇಳಲಿ?

ಉತ್ತರ: ಮೇಷ್ಟ್ರೇ, ಐದಾರು ನಿಮಿಷದಲ್ಲಿ ಒಂದೇ ಸಂಗತಿ ಹೇಳಿ. ವೆಬ್‌ಸೈಟಿನ ವಿಳಾಸ ಓದುವುದು ಹೇಗೆ, ಅಷ್ಟೇ. ಇಂಥ ಸಭೆಗಳಲ್ಲಿ ಹತ್ತು ಸೂಚನೆಗಳ ಪಟ್ಟಿ ಓದುವುದನ್ನು ನಾನು ನೋಡಿದ್ದೇನೆ. ಚಹಾ ಬರುವ ಹೊತ್ತಿಗೆ ಒಂದೂ ನೆನಪಿರುವುದಿಲ್ಲ. ವಿಳಾಸ ಓದಲು ಬಂದರೆ ಉಳಿದ ಎಷ್ಟೋ ಎಚ್ಚರಿಕೆಗಳು ಬೇಕಾಗುವುದೇ ಇಲ್ಲ.

ನಾನು ಹನ್ನೆರಡು ವರ್ಷದಿಂದ ಕುಮಟಾದಲ್ಲಿ ಜನರಿಗೆ ಆನ್‌ಲೈನ್ ಅರ್ಜಿ ತುಂಬಿಕೊಡುವ ಕೆಲಸ ಮಾಡುತ್ತಿದ್ದೇನೆ. ಮೋಸ ಹೋಗಿ ಬಂದವರಲ್ಲಿ ಹೆಚ್ಚಿನವರು ದಡ್ಡರಲ್ಲ. ಪುಟವನ್ನು ಚೆನ್ನಾಗಿಯೇ ನೋಡಿರುತ್ತಾರೆ. ಸಿಂಹದ ಲಾಂಛನ ನೋಡಿದ್ದಾರೆ, ಮಂತ್ರಿಗಳ ಫೋಟೋ ನೋಡಿದ್ದಾರೆ, ಬೀಗದ ಗುರುತನ್ನೂ ನೋಡಿದ್ದಾರೆ. ಮೇಲಿನ ಆ ಒಂದು ಸಾಲು ಮಾತ್ರ ಓದಿರುವುದಿಲ್ಲ. ಓದಿದ್ದರೂ ಎಡಗಡೆಯಿಂದ ಓದಿರುತ್ತಾರೆ.

ಸಭೆಗೆ ಒಂದು ಬಿಳಿ ಡ್ರಾಯಿಂಗ್ ಹಾಳೆ ಒಯ್ಯಿರಿ. ಅದರಲ್ಲಿ ಈ ಮೂರು ಸಾಲನ್ನು ದಪ್ಪ ಅಕ್ಷರದಲ್ಲಿ ಬರೆದು ಗೋಡೆಗೆ ಅಂಟಿಸಿ. ಪ್ರೊಜೆಕ್ಟರ್ ಬೇಡ. ಮಳೆಗಾಲದಲ್ಲಿ ನಮ್ಮ ಕಡೆ ಕರೆಂಟ್ ಯಾವಾಗ ಹೋಗುತ್ತದೆ ಅಂತ ಹೇಳಲು ಆಗುವುದಿಲ್ಲ.

```
https://services1.passportindia.gov.in/
https://www.passportindia.gov.in.seva-form.example/apply
https://passportindia-gov-in.example/
```

ಮೊದಲನೆಯದು ಅಸಲಿ. ಎರಡನೆಯದು, ಮೂರನೆಯದು ನಾನು ಕಟ್ಟಿದ್ದು. ಕೊನೆಯಲ್ಲಿ `.example` ಹಾಕಿದ್ದಕ್ಕೆ ಕಾರಣವಿದೆ. ಅದು ಉದಾಹರಣೆ ಕೊಡಲಿಕ್ಕೆಂದೇ ಮೀಸಲಿಟ್ಟ ಹೆಸರು, ಯಾರಿಗೂ ಕೊಂಡುಕೊಳ್ಳಲು ಬರುವುದಿಲ್ಲ. ಹಾಗಾಗಿ ಸಭೆಯಲ್ಲಿ ಯಾರಾದರೂ ಕುತೂಹಲಕ್ಕೆ ಟೈಪ್ ಮಾಡಿ ನೋಡಿದರೂ ತೊಂದರೆ ಇಲ್ಲ. ನಿಜವಾದ ನಕಲಿ ವಿಳಾಸವನ್ನು ಗೋಡೆಗೆ ಬರೆದರೆ ಯಾರೋ ಒಬ್ಬರು ಮನೆಗೆ ಹೋಗಿ ತೆರೆದೇ ತೆರೆಯುತ್ತಾರೆ.

ಇನ್ನು ಭಾಷಣ. ಇದನ್ನು ಹೀಗೇ ಓದಬಹುದು. ಎಲ್ಲಿ ಬೇಕೋ ಅಲ್ಲಿ ನಿಮ್ಮ ಮಾತು ಸೇರಿಸಿಕೊಳ್ಳಿ.

"ಎಲ್ಲರಿಗೂ ನಮಸ್ಕಾರ. ಇವತ್ತು ಒಂದು ಹುಡುಗನ ಕಥೆ ಹೇಳುತ್ತೇನೆ. ಹೊನ್ನಾವರ ಕಡೆಯವನು. ಅವನ ಮಾವ ದುಬೈಯಲ್ಲಿದ್ದಾರೆ. ಅಲ್ಲಿ ಒಂದು ಕೆಲಸ ಗೊತ್ತಾಗಿತ್ತು, ಪಾಸ್‌ಪೋರ್ಟ್ ಬೇಕಿತ್ತು. ರಾತ್ರಿ ಊಟ ಮುಗಿಸಿ ಮೊಬೈಲಿನಲ್ಲಿ ಪಾಸ್‌ಪೋರ್ಟ್ ಅರ್ಜಿ ಅಂತ ಹುಡುಕಿದ. ಎಲ್ಲಕ್ಕಿಂತ ಮೇಲೆ ಬಂದದ್ದನ್ನು ಒತ್ತಿದ. ಪುಟ ತೆರೆಯಿತು. ಸಿಂಹದ ಲಾಂಛನ ಇತ್ತು, ಕೇಸರಿ, ಬಿಳಿ, ಹಸಿರು ಪಟ್ಟಿ ಇತ್ತು. ಹೆಸರು, ಅಪ್ಪ ಅಮ್ಮನ ಹೆಸರು, ಹುಟ್ಟಿದ ದಿನ, ಆಧಾರ್ ನಂಬರ್ ಕೇಳಿತು. ಆಧಾರ್ ಕಾರ್ಡಿನ ಎರಡೂ ಬದಿಯ ಫೋಟೋ ಕೇಳಿತು. ಎಲ್ಲಾ ಕೊಟ್ಟ. 2,899 ರೂಪಾಯಿ ಕಟ್ಟಿದ. ರಸೀದಿ ಬಂತು. ಅದರಲ್ಲಿ ಹುಬ್ಬಳ್ಳಿ ಪಾಸ್‌ಪೋರ್ಟ್ ಸೇವಾ ಕೇಂದ್ರ, ಬುಧವಾರ, ಬೆಳಿಗ್ಗೆ 10.15 ಅಂತ ಇತ್ತು.

ಬುಧವಾರ ನಸುಕಿನ ಬಸ್ಸು ಹಿಡಿದ. ಅಂಕೋಲಾ ಮೇಲೆ ಅರಬೈಲ್ ಘಟ್ಟ ಹತ್ತಿ, ಯಲ್ಲಾಪುರ ದಾಟಿ ಹುಬ್ಬಳ್ಳಿಗೆ ಹೋದ. ಬಾಗಿಲಲ್ಲೇ ಅರ್ಜಿಯ ನಂಬರ್ ಕೇಳಿದರು. ಅಸಲಿ ಅರ್ಜಿಗೆ ಎಆರ್‌ಎನ್ ಅಂತ ಒಂದು ನಂಬರ್ ಬರುತ್ತದೆ. ಇವನ ರಸೀದಿಯಲ್ಲಿ ಅದೇ ಇರಲಿಲ್ಲ. ಅಲ್ಲಿಂದಲೇ ವಾಪಸ್ ಬಂದ. ದೊಡ್ಡವರ ಸಾಮಾನ್ಯ ಪಾಸ್‌ಪೋರ್ಟಿಗೆ, ಅಂದರೆ 36 ಪುಟದ್ದಕ್ಕೆ, ಸರ್ಕಾರದ ಶುಲ್ಕ 1,500 ರೂಪಾಯಿ. ಇವನು ಅದರ ಹತ್ತಿರ ಹತ್ತಿರ ಎರಡರಷ್ಟು ಕಟ್ಟಿ, ಅರ್ಜಿಯನ್ನೇ ಹಾಕಿರಲಿಲ್ಲ.

ದುಡ್ಡು ಹೋದದ್ದು ಒಂದು ಕಡೆ ಇರಲಿ. ಬ್ಯಾಂಕಿನ ಪಾಸ್‌ವರ್ಡ್ ಯಾರಿಗಾದರೂ ಸಿಕ್ಕಿದರೆ ಬದಲಾಯಿಸಬಹುದು. ಎಟಿಎಂ ಕಾರ್ಡ್ ಹೋದರೆ ಬೇರೆ ಕಾರ್ಡ್ ಕೊಡುತ್ತಾರೆ. ಆದರೆ ಹುಟ್ಟಿದ ದಿನವನ್ನು ಬದಲಾಯಿಸಲು ಬರುತ್ತದೆಯೇ? ಅಪ್ಪನ ಹೆಸರು ಬದಲಾಯಿಸಲು ಬರುತ್ತದೆಯೇ? ಆಧಾರ್ ನಂಬರ್ ಅಂತೂ ಜೀವನಪೂರ್ತಿ ಅದೇ ಹನ್ನೆರಡು ಅಂಕಿ. ಅದಕ್ಕೇ ಇವನ್ನು ಕೊಡುವ ಮೊದಲೇ ನೋಡಬೇಕು. ಕೊಟ್ಟ ಮೇಲೆ ಹಿಂದಕ್ಕೆ ತರಲು ಆಗುವುದಿಲ್ಲ.

ನೋಡುವುದು ಎಲ್ಲಿ? ಪುಟವನ್ನು ಅಲ್ಲ. ಪುಟದಲ್ಲಿ ಯಾರು ಏನು ಬೇಕಾದರೂ ಅಂಟಿಸಬಹುದು. ಮೊಬೈಲಿನ ಮೇಲ್ಭಾಗದಲ್ಲಿ ಒಂದು ಸಾಲಿರುತ್ತದೆ, ಅದು ವಿಳಾಸ. ಅದನ್ನು ನೋಡಿ.

ಹುಬ್ಬಳ್ಳಿಯಲ್ಲಿ 'ಕಾರವಾರ ಸ್ಟೋರ್ಸ್' ಅಂತ ಒಂದು ಅಂಗಡಿ ಇದೆ ಅಂದುಕೊಳ್ಳಿ. ಬೋರ್ಡಿನಲ್ಲಿ ಕಾರವಾರ ಅಂತ ಇದ್ದ ಮಾತ್ರಕ್ಕೆ ಅಂಗಡಿ ಕಾರವಾರದಲ್ಲಿದೆಯೇ? ಇಲ್ಲ. ಲಕೋಟೆ ಮೇಲೆ ವಿಳಾಸ ಹೇಗೆ ಬರೆಯುತ್ತೀರಿ? ಕಾರವಾರ ಸ್ಟೋರ್ಸ್, ಇಂಥ ಗಲ್ಲಿ, ಹುಬ್ಬಳ್ಳಿ. ಊರು ಯಾವುದು ಅಂತ ಗೊತ್ತಾಗುವುದು ಕೊನೆಯ ಮಾತಿನಿಂದ. ವೆಬ್‌ಸೈಟಿನ ವಿಳಾಸವೂ ಹಾಗೆಯೇ. ಮುಂದಿನ ಹೆಸರು ಬೋರ್ಡು. ಊರು ಇರುವುದು ಕೊನೆಯಲ್ಲಿ.

ಈಗ ಗೋಡೆ ಮೇಲಿನ ಮೊದಲ ಸಾಲು ನೋಡಿ. ಶುರುವಿನಲ್ಲಿ ಎರಡು ಓರೆಗೆರೆ ಇದೆ, ಅದನ್ನು ಬಿಟ್ಟುಬಿಡಿ. ಅದರ ನಂತರ ಮೊದಲ ಒಂಟಿ ಓರೆಗೆರೆ ಎಲ್ಲಿದೆ ಹುಡುಕಿ. ಅಲ್ಲಿ ಬೆರಳಿಡಿ. ಈಗ ಅಲ್ಲಿಂದ ಎಡಕ್ಕೆ ಓದಿ. ಏನು ಬಂತು? ಇನ್, ಚುಕ್ಕೆ, ಗವ್. ಅಂದರೆ `gov.in`. ಇದು ಸರ್ಕಾರದ ಊರು. ಈ ಹೆಸರನ್ನು ಸರ್ಕಾರಿ ಸಂಸ್ಥೆಗಳಿಗೆ ಬಿಟ್ಟು ಬೇರೆಯವರಿಗೆ ಕೊಡುವುದಿಲ್ಲ.

ಎರಡನೆಯ ಸಾಲು ನೋಡಿ. ಇದರಲ್ಲೂ `gov.in` ಇದೆ. ಆದರೆ ಎಲ್ಲಿದೆ? ನಡುವೆ ಇದೆ. ಒಂಟಿ ಓರೆಗೆರೆಯಿಂದ ಎಡಕ್ಕೆ ಓದಿದರೆ ಮೊದಲು ಬರುವುದು `seva-form.example`. ಇದರ ಊರು ಅದು. ಗವ್ ಇನ್ ಅನ್ನುವುದು ಬರೀ ಬೋರ್ಡು. ಮೂರನೆಯದರಲ್ಲಿ ಗವ್, ಇನ್ ನಡುವೆ ಚುಕ್ಕೆಯೇ ಇಲ್ಲ, ಚುಕ್ಕೆ ಇರಬೇಕಾದಲ್ಲಿ ಅಡ್ಡಗೆರೆ ಇದೆ. ಅಡ್ಡಗೆರೆ ಹಾಕಿದರೆ ಎಲ್ಲಾ ಸೇರಿ ಒಂದೇ ಹೆಸರು ಆಗುತ್ತದೆ. ಮೋಸಗಾರರು ಬಳಸುವ ಅಂಥ ಹೆಸರನ್ನು ಯಾರು ಬೇಕಾದರೂ ಕೊಳ್ಳಬಹುದು.

ಆ ಹುಡುಗನಿಗೆ ಆಮೇಲೆ ಇದನ್ನು ತೋರಿಸಿದಾಗ ಅವನು ಹೇಳಿದ್ದು ಇಷ್ಟು: ಅದರಲ್ಲಿ ಪಾಸ್‌ಪೋರ್ಟ್ ಅಂತ ಇತ್ತಲ್ಲ, ಇಂಡಿಯಾ ಅಂತಲೂ ಇತ್ತಲ್ಲ ಅಂತ. ಇತ್ತು ನಿಜ. ಅವೆರಡೂ ಬೋರ್ಡಿನಲ್ಲಿದ್ದವು.

ಆಧಾರ್ ನಂಬರ್ ಹಾಕುವ ಪೆಟ್ಟಿಗೆ ಎದುರಿಗೆ ಬಂದಾಗ ಕೈ ಒಮ್ಮೆ ನಿಲ್ಲಿಸಿ. ವಿಳಾಸದ ಮೇಲೆ ಒತ್ತಿ, ಪೂರ್ತಿ ಕಾಣುವಂತೆ ಮಾಡಿ. ಒಂಟಿ ಓರೆಗೆರೆ ಹುಡುಕಿ, ಎಡಕ್ಕೆ ಓದಿ. ಗೊತ್ತಾಗದಿದ್ದರೆ ಪುಟ ಮುಚ್ಚಿ, ಮಕ್ಕಳನ್ನೋ ಪಕ್ಕದ ಮನೆಯವರನ್ನೋ ಕೇಳಿ. ಈಗ ನಿಮ್ಮ ಮೊಬೈಲ್ ತೆಗೆಯಿರಿ. ಒಂದು ವಿಳಾಸ ಎಲ್ಲರೂ ಒಟ್ಟಿಗೆ ಓದೋಣ."

ಭಾಷಣ ಇಲ್ಲಿಗೆ ಸಾಕು. ಮುಂದಿನ ಹತ್ತು ನಿಮಿಷ ಮೊಬೈಲ್ ಕೈಯಲ್ಲಿ ಹಿಡಿದು ಮಾಡಿಸಿ. ಎಲ್ಲರೂ `uidai.gov.in` ತೆರೆಯಲಿ. ಹುಡುಕುವುದು ಬೇಡ, ಅಕ್ಷರ ಅಕ್ಷರ ಟೈಪ್ ಮಾಡಲಿ. ಕ್ರೋಮ್‌ನಲ್ಲಿ ಪುಟವನ್ನು ಮೇಲಕ್ಕೆ ಸರಿಸಿದರೆ ವಿಳಾಸದ ಸಾಲು ಮರೆಯಾಗುತ್ತದೆ. ಸ್ವಲ್ಪ ಕೆಳಕ್ಕೆ ಎಳೆದರೆ ಮತ್ತೆ ಬರುತ್ತದೆ. ಇದು ಎಷ್ಟೋ ಹಿರಿಯರಿಗೆ ಗೊತ್ತಿಲ್ಲ. "ನನ್ನ ಮೊಬೈಲಿನಲ್ಲಿ ಆ ಸಾಲೇ ಇಲ್ಲ" ಅಂತ ನಿಮ್ಮ ಸಭೆಯಲ್ಲೂ ಯಾರಾದರೂ ಹೇಳುತ್ತಾರೆ, ನೋಡಿ. ಸಾಲು ಕಂಡ ಮೇಲೆ ಅದರ ಮೇಲೆ ಒಮ್ಮೆ ಒತ್ತಿಸಿ. ಆಗ ಪೂರ್ತಿ ವಿಳಾಸ ಬರುತ್ತದೆ. ಉದ್ದ ಜಾಸ್ತಿ ಇದ್ದರೆ ಬೆರಳಿನಿಂದ ಅತ್ತಿತ್ತ ಸರಿಸಿ ಓದಬೇಕು. ಸಣ್ಣ ಪರದೆಯಲ್ಲಿ ಒಂದು ತುಂಡು ಮಾತ್ರ ಕಾಣುವುದು ಮೋಸಗಾರರಿಗೆ ಅನುಕೂಲ.

ಇದರ ಜೊತೆ ಒಂದು ಮಾತು ಒತ್ತಿ ಹೇಳಿ. ವಿಳಾಸ ನೋಡಬೇಕಾದ್ದು ಲಿಂಕ್ ಒತ್ತುವಾಗ ಅಲ್ಲ, ವಿವರ ತುಂಬುವಾಗ. ಲಿಂಕ್ ನೋಡಲು ಸರಿಯಾಗಿದ್ದು, ಒತ್ತಿದ ಮೇಲೆ ಬೇರೆಲ್ಲಿಗೋ ಹೋಗಬಹುದು. ಸರ್ಕಾರಿ ಸೈಟಿನೊಳಗೇ ಕಿಡಿಗೇಡಿಗಳು ನುಗ್ಗಿ, ಅಲ್ಲಿಂದ ಜೂಜಿನ ಪುಟಗಳಿಗೆ ದಾರಿ ಮಾಡಿಟ್ಟ ಉದಾಹರಣೆಗಳೂ ಇವೆ. ನಂಬರ್ ಹಾಕುವ ಪುಟದಲ್ಲಿ ಆ ಕ್ಷಣ ಮೇಲೆ ಏನಿದೆ ಅನ್ನುವುದೇ ಲೆಕ್ಕ.

ಹುಡುಕಿದಾಗ ಮೊದಲು ಬಂದದ್ದು ಅಸಲಿ ಅನ್ನುವ ನಂಬಿಕೆ ಬಹಳ ಜನರಿಗಿದೆ. ಮೇಲಿನ ಒಂದೆರಡು ಫಲಿತಾಂಶಗಳು ಎಷ್ಟೋ ಸಲ ದುಡ್ಡು ಕೊಟ್ಟು ಹಾಕಿಸಿದ ಜಾಹೀರಾತು. ಪಕ್ಕದಲ್ಲಿ ಸಣ್ಣ ಅಕ್ಷರದಲ್ಲಿ `Sponsored` ಅಂತ ಬರೆದಿರುತ್ತದೆ. ಹೊನ್ನಾವರದ ಹುಡುಗ ಒತ್ತಿದ್ದು ಅದನ್ನೇ. ಪಾಸ್‌ಪೋರ್ಟ್ ವಿಷಯದಲ್ಲಂತೂ ಈ ಕಾಟ ಹಳೆಯದು. ವಿದೇಶಾಂಗ ಸಚಿವಾಲಯವೇ ನಕಲಿ ಸೈಟುಗಳ ಹೆಸರು ಹಾಕಿ ಎಚ್ಚರಿಕೆ ಪ್ರಕಟಿಸಿತ್ತು. ಆ ಹೆಸರುಗಳಲ್ಲಿ ಪಾಸ್‌ಪೋರ್ಟ್ ಎಂಬ ಪದವೂ ಇತ್ತು, ಇಂಡಿಯಾ ಎಂಬ ಪದವೂ ಇತ್ತು. ಕೊನೆ ಮಾತ್ರ `gov.in` ಆಗಿರಲಿಲ್ಲ. ಬರೀ `.in` ಯಾರಿಗೆ ಬೇಕಾದರೂ ಸಿಗುತ್ತದೆ ಅನ್ನುವುದನ್ನು ಬಿಡಿಸಿ ಹೇಳಿ. ಇನ್ ಅಂದರೆ ಇಂಡಿಯಾ, ಅಂದಮೇಲೆ ಸರ್ಕಾರದ್ದು ಅಂತ ತಿಳಿಯುವವರು ಬಹಳ.

ಇನ್ನು ತಿರುಗಿ ಬರುವ ಪ್ರಶ್ನೆಗಳು. ಖಂಡಿತ ಬರುವ ಮೊದಲನೆಯದು ಬೀಗದ್ದು. "ಬೀಗದ ಚಿತ್ರ ಇದ್ದರೆ ಸೇಫ್ ಅಂತ ಬ್ಯಾಂಕಿನವರೇ ಹೇಳಿದ್ದರಲ್ಲ?" ಒಂದು ಕಾಲಕ್ಕೆ ಹಾಗೆ ಹೇಳುತ್ತಿದ್ದರು. ಬೀಗದ ಅರ್ಥ ಇಷ್ಟೇ: ನಿಮ್ಮ ಮೊಬೈಲಿನಿಂದ ಆ ಸೈಟಿಗೆ ಹೋಗುವ ಮಾಹಿತಿಯನ್ನು ದಾರಿಯಲ್ಲಿ ಬೇರೆಯವರು ಓದಲು ಆಗುವುದಿಲ್ಲ. ಸೈಟ್ ಕಳ್ಳನದ್ದಾದರೆ ಮಾಹಿತಿ ಭದ್ರವಾಗಿ ಕಳ್ಳನ ಕೈಗೇ ಸೇರುತ್ತದೆ. ಅದಕ್ಕೆ ಬೇಕಾದ ಪ್ರಮಾಣಪತ್ರ ಈಗ ಪುಕ್ಕಟೆ, ಕೆಲವೇ ನಿಮಿಷದಲ್ಲಿ ಸಿಗುತ್ತದೆ. ಅಸಲಿ ಸೈಟಿಗೂ ಸಿಗುತ್ತದೆ, ನಕಲಿಗೂ ಸಿಗುತ್ತದೆ. ಜನ ಬೀಗವನ್ನು ತಪ್ಪಾಗಿ ತಿಳಿಯುತ್ತಾರೆ ಎಂಬ ಕಾರಣಕ್ಕೇ ಕ್ರೋಮ್ 2023ರಲ್ಲಿ ಆ ಚಿತ್ರವನ್ನು ತೆಗೆದು ಬೇರೆ ಗುರುತು ಹಾಕಿತು. ಬೀಗ ಇಲ್ಲದೆ ಎಚ್ಚರಿಕೆ ಬಂದರೆ ಆ ಸೈಟಿನಲ್ಲಿ ಏನೂ ತುಂಬಬೇಡಿ. ಬೀಗ ಇದ್ದರೆ ಅದರಿಂದ ಏನೂ ತೀರ್ಮಾನ ಮಾಡಬೇಡಿ.

ಎರಡನೆಯ ಪ್ರಶ್ನೆ ಸ್ವಲ್ಪ ಕಷ್ಟದ್ದು. "ಎಲ್ಲವೂ `gov.in` ಆಗಿರುವುದಿಲ್ಲವಲ್ಲ?" ನಿಜ. ರೈಲ್ವೆ ಟಿಕೆಟಿನ `irctc.co.in` ಅಸಲಿಯೇ, ಆದರೂ ಕೊನೆಯಲ್ಲಿ ಗವ್ ಇಲ್ಲ. `gov.in` ಇದ್ದರೆ ಸರ್ಕಾರದ್ದು ಅನ್ನಬಹುದು. ಇಲ್ಲದಿದ್ದರೆ ನಕಲಿ ಅಂತ ಅರ್ಥ ಅಲ್ಲ, ಇನ್ನೊಂದು ಸಲ ನೋಡಬೇಕು ಅಂತ ಅರ್ಥ. ಆದರೆ ಆಧಾರ್, ಪಾಸ್‌ಪೋರ್ಟ್, ಮತದಾರರ ಪಟ್ಟಿ, ಆದಾಯ ತೆರಿಗೆ, ವಾಹನ ಪರವಾನಗಿ, ನಮ್ಮ ರಾಜ್ಯದ ಸೇವಾ ಸಿಂಧು ಇವೆಲ್ಲವೂ `gov.in` ಊರಿನವೇ. ಸೇವಾ ಸಿಂಧು `karnataka.gov.in` ಅಂತ ಮುಗಿಯುತ್ತದೆ. ಈ ಕೆಲಸಗಳಿಗೆ ಬೇರೆ ಊರಿನ ಸೈಟ್ ಬಂದರೆ ಅಲ್ಲೇ ನಿಲ್ಲಿಸಿ. ಬ್ಯಾಂಕುಗಳಿಗೆ ಈಗ ಒಂದು ಪ್ರತ್ಯೇಕ ಊರು ಬಂದಿದೆ. ರಿಸರ್ವ್ ಬ್ಯಾಂಕ್ 2025ರಲ್ಲಿ ಎಲ್ಲ ಬ್ಯಾಂಕುಗಳಿಗೂ `bank.in` ಎಂಬ ಕೊನೆಗೆ ಬದಲಾಗಲು ಹೇಳಿತು, ಅಕ್ಟೋಬರ್ 31ರ ಗಡುವು ಕೊಟ್ಟಿತು. ಸ್ಟೇಟ್ ಬ್ಯಾಂಕ್ ಈಗ `sbi.bank.in`. ನಿಮ್ಮ ಸಭೆಯ ಹಿರಿಯರಿಗೆ ಇದು ಹೊಸ ಸುದ್ದಿ ಆಗಿರಬಹುದು. ಹಳೆಯ ವಿಳಾಸ ರೂಢಿಯಾದವರು ಹೊಸದನ್ನು ಕಂಡು ಗಾಬರಿಯಾಗಬಾರದು, ಅದಕ್ಕಾಗಿ ಹೇಳಿಬಿಡಿ.

ಖಾಸಗಿ ಸೈಟುಗಳ ವಿಷಯ ಬೇರೆ. ಗೋಕರ್ಣದ ಹೋಂಸ್ಟೇ, ದಾಂಡೇಲಿಯ ರೆಸಾರ್ಟ್ ಬುಕ್ ಮಾಡುವಾಗ ಆಧಾರ್ ಫೋಟೋ ಹಾಕಿ ಅಂತ ಕೇಳುತ್ತಾರೆ. ಸೈಟ್ ಅಸಲಿಯೇ ಆಗಿರಬಹುದು. ಆದರೂ ಆ ಫೋಟೋ ಯಾರ ಕಂಪ್ಯೂಟರಿನಲ್ಲಿ ಎಷ್ಟು ವರ್ಷ ಬಿದ್ದಿರುತ್ತದೆ ಅಂತ ಯಾರಿಗೆ ಗೊತ್ತು? ಇಂಥ ಕಡೆ ಮೊದಲು ಫೋನ್ ಮಾಡಿ, ಬಂದಾಗ ತೋರಿಸುತ್ತೇನೆ ಅನ್ನಿ. ಹೆಚ್ಚಿನವರು ಒಪ್ಪುತ್ತಾರೆ. ಒಪ್ಪದಿದ್ದರೆ ಮರೆಮಾಡಿದ ಆಧಾರ್ ಕೊಡಿ. `myaadhaar.uidai.gov.in` ನಲ್ಲಿ ಆಧಾರ್ ಡೌನ್‌ಲೋಡ್ ಮಾಡುವಾಗ `Masked Aadhaar` ಅಂತ ಒಂದು ಆಯ್ಕೆ ಇರುತ್ತದೆ. ಅದನ್ನು ಆರಿಸಿದರೆ ಮೊದಲ ಎಂಟು ಅಂಕಿ ಕಾಣುವುದಿಲ್ಲ, ಕೊನೆಯ ನಾಲ್ಕು ಮಾತ್ರ ಇರುತ್ತವೆ. ಆ ಕಡತ ತೆರೆಯಲು ಪಾಸ್‌ವರ್ಡ್ ಬೇಕು: ನಿಮ್ಮ ಹೆಸರಿನ ಮೊದಲ ನಾಲ್ಕು ಇಂಗ್ಲಿಷ್ ದೊಡ್ಡಕ್ಷರ, ಆಮೇಲೆ ಹುಟ್ಟಿದ ವರ್ಷ. ಗಣಪತಿ, 1955 ಆದರೆ `GANA1955`. ಬಹಳ ಜನ ಡೌನ್‌ಲೋಡ್ ಮಾಡಿ, ತೆರೆಯಲು ಬಾರದೆ ಕೈಬಿಡುತ್ತಾರೆ. ಅದಕ್ಕೇ ಇಷ್ಟು ಬಿಡಿಸಿ ಬರೆದೆ.

ಇನ್ನೊಂದು ವಿಷಯವನ್ನು ನಿಮಗೇ ನೇರವಾಗಿ ಹೇಳಬೇಕು, ಮೇಷ್ಟ್ರೇ. ಬೇಸರ ಮಾಡಿಕೊಳ್ಳಬೇಡಿ. ಎಷ್ಟೋ ಸಂಘಗಳು ಬಾಡಿಗೆದಾರರ ಆಧಾರ್ ನಂಬರನ್ನು ಗೂಗಲ್ ಫಾರ್ಮ್‌ನಲ್ಲಿ ಕೇಳುತ್ತವೆ. ವಾಟ್ಸಾಪ್ ಗ್ರೂಪಿನಲ್ಲಿ ಲಿಂಕ್ ಹಾಕಿ, ಭಾನುವಾರದ ಒಳಗೆ ತುಂಬಿ ಅನ್ನುತ್ತವೆ. ಆ ಲಿಂಕಿನ ವಿಳಾಸ `docs.google.com`. ನಾನು ಮೇಲೆ ಹೇಳಿದಂತೆ ಬಲಗಡೆಯಿಂದ ಓದಿದರೆ ಗೂಗಲ್ ಊರೇ, ತಪ್ಪೇನೂ ಕಾಣುವುದಿಲ್ಲ. ಆದರೆ ಆ ಊರಿನಲ್ಲಿ ಯಾರು ಬೇಕಾದರೂ ಪುಕ್ಕಟೆ ಮನೆ ಮಾಡಬಹುದು. ಫಾರ್ಮ್ ಮಾಡಿದವರು ನೀವೋ, ನಿಮ್ಮ ಹೆಸರು ಹಾಕಿದ ಬೇರೆ ಯಾರೋ ಅನ್ನುವುದನ್ನು ವಿಳಾಸ ಹೇಳುವುದಿಲ್ಲ. ವಿಳಾಸ ಓದುವ ಉಪಾಯ ಸೋಲುವುದು ಇಲ್ಲಿ. ಹಾಗಾಗಿ ಯಾರು ಬೇಕಾದರೂ ಮಾಡಬಹುದಾದ ಇಂಥ ಫಾರ್ಮ್ ಗೂಗಲ್‌ನದಾಗಲಿ ಬೇರೆಯದಾಗಲಿ, ಅದರಲ್ಲಿ ಗುರುತಿನ ಚೀಟಿಯ ನಂಬರ್ ಹಾಕಬಾರದು ಅಂತ ಸಭೆಯಲ್ಲಿ ಹೇಳಿ. ನಿಮ್ಮ ಸಂಘದಲ್ಲಿ ಅಂಥ ಫಾರ್ಮ್ ಇದ್ದರೆ ಭಾನುವಾರದ ಮೊದಲೇ ತೆಗೆದುಬಿಡಿ. ಬಾಡಿಗೆದಾರರ ಕಾರ್ಡನ್ನು ಎದುರಿಗೆ ನೋಡಿ, ಹೆಸರು ಸರಿ ಇದೆ ಎಂದು ರಿಜಿಸ್ಟರಿನಲ್ಲಿ ಗುರುತು ಹಾಕಿದರೆ ಸಾಕಲ್ವಾ? ಈಗಾಗಲೇ ಸೇರಿದ ನಂಬರ್‌ಗಳ ಪಟ್ಟಿ ಇದ್ದರೆ ಅದನ್ನೂ ಅಳಿಸಿ. ಅಳಿಸಿದ್ದೇವೆ ಅಂತ ಸಭೆಯಲ್ಲೇ ಹೇಳಿದರೆ ಜನರಿಗೆ ನಿಮ್ಮ ಮಾತಿನ ಮೇಲೆ ನಂಬಿಕೆ ಜಾಸ್ತಿ ಬರುತ್ತದೆ.

ಕೊನೆಗೆ, ಸಭೆ ಮುಗಿದು ಕುರ್ಚಿ ಎತ್ತಿಡುವಾಗ ಒಬ್ಬರಾದರೂ ಹತ್ತಿರ ಬಂದು ಮೆತ್ತಗೆ ಕೇಳುತ್ತಾರೆ: "ನಾನು ಆಗಲೇ ಕೊಟ್ಟುಬಿಟ್ಟಿದ್ದೇನೆ, ಈಗೇನು?" ಅವರಿಗೆ ಬೈಯಬೇಡಿ. ಎಲ್ಲರ ಎದುರಿಗೆ ಹೇಳಿಸಲೂ ಬೇಡಿ. ಮೊದಲು ಏನೇನು ಕೊಟ್ಟಿದ್ದಾರೆ ಅಂತ ಕೇಳಿ.

ದುಡ್ಡು ಹೋಗಿದ್ದರೆ, ಇಲ್ಲವೇ ಓಟಿಪಿ ಹೇಳಿದ್ದರೆ, ಅಲ್ಲೇ ನಿಂತು 1930ಕ್ಕೆ ಫೋನ್ ಮಾಡಿಸಿ. ಅದು ಸೈಬರ್ ವಂಚನೆಯ ಸಹಾಯವಾಣಿ. ದೂರನ್ನು `cybercrime.gov.in` ನಲ್ಲೂ ಹಾಕಬಹುದು. ಇಲ್ಲಿ ಹೊತ್ತು ಮುಖ್ಯ. ದುಡ್ಡು ಕಳ್ಳನ ಖಾತೆಯಿಂದ ಮುಂದಕ್ಕೆ ಹೋಗುವ ಮೊದಲು ತಡೆಯಲು ಸಾಧ್ಯವಾದರೆ ಮಾತ್ರ ವಾಪಸ್ ಬರುವ ಆಸೆ. ಹೊನ್ನಾವರದ ಹುಡುಗ ನಾಚಿಕೆಯಿಂದ ಹನ್ನೆರಡು ದಿನ ಯಾರಿಗೂ ಹೇಳಿರಲಿಲ್ಲ. ಅಷ್ಟರಲ್ಲಿ ದುಡ್ಡು ಕೈಗೆ ಸಿಗದಷ್ಟು ದೂರ ಹೋಗಿತ್ತು.

ಆಧಾರ್ ನಂಬರ್ ಮತ್ತು ಫೋಟೋ ಮಾತ್ರ ಹೋಗಿದ್ದರೆ ನಾನು ಮಾಡಿಸುವ ಕೆಲಸ ಹೀಗೆ. `myaadhaar.uidai.gov.in` ನಲ್ಲಿ ಬೆರಳಚ್ಚು, ಕಣ್ಣಿನ ಗುರುತುಗಳಿಗೆ ಬೀಗ ಹಾಕಿಸುತ್ತೇನೆ. ಆಮೇಲೆ ಅವರ ಆಧಾರ್ ಎಲ್ಲೆಲ್ಲಿ ಬಳಕೆಯಾಗಿದೆ ಎಂಬ ಪಟ್ಟಿ ಅಲ್ಲೇ ಸಿಗುತ್ತದೆ, ಅದನ್ನು ಜೊತೆಗೆ ಕೂತು ಓದುತ್ತೇನೆ. ತಾವು ಹೋಗದ ದಿನ, ತಾವು ಮಾಡದ ಕೆಲಸಕ್ಕೆ ಬಳಕೆಯಾಗಿದ್ದರೆ 1947ಕ್ಕೆ ಫೋನ್ ಮಾಡಬೇಕು. ನಂತರ `sancharsaathi.gov.in` ನಲ್ಲಿ ಅವರ ಹೆಸರಿನಲ್ಲಿ ಎಷ್ಟು ಮೊಬೈಲ್ ನಂಬರ್ ಇವೆ ಅಂತ ನೋಡುತ್ತೇನೆ. ತಮ್ಮದಲ್ಲದ ನಂಬರ್ ಕಂಡರೆ ಅಲ್ಲೇ ನನ್ನದಲ್ಲ ಅಂತ ಗುರುತು ಹಾಕಲು ಬರುತ್ತದೆ. ಹುಡುಗನ ಹೆಸರಿನಲ್ಲಿ ಪುಣ್ಯಕ್ಕೆ ಬೇರೆ ನಂಬರ್ ಇರಲಿಲ್ಲ. ಪ್ಯಾನ್ ಕೂಡ ಕೊಟ್ಟಿದ್ದರೆ ಸಾಲದ ವರದಿ ತೆಗೆದು ನೋಡಬೇಕು. ಪ್ರತಿ ಕ್ರೆಡಿಟ್ ಸಂಸ್ಥೆಯೂ ವರ್ಷಕ್ಕೆ ಒಂದು ಪೂರ್ತಿ ವರದಿಯನ್ನು ಪುಕ್ಕಟೆ ಕೊಡಬೇಕೆಂಬ ನಿಯಮ ಇದೆ. ತಾವು ತೆಗೆಯದ ಸಾಲ ಅದರಲ್ಲಿ ಕಂಡರೆ ಆ ಬ್ಯಾಂಕಿಗೂ, ಕ್ರೆಡಿಟ್ ಸಂಸ್ಥೆಗೂ ಬರೆದುಕೊಡಬೇಕು. ಇದನ್ನು ಒಮ್ಮೆ ನೋಡಿ ಬಿಡುವುದಲ್ಲ, ಮೂರು ನಾಲ್ಕು ತಿಂಗಳು ಬಿಟ್ಟು ಮತ್ತೆ ನೋಡಿ.

ಬೀಗ ಹಾಕಿಸಿದವರಿಗೆ ಒಂದು ಮಾತು ಮರೆಯದೆ ಹೇಳಿ. ಆಮೇಲೆ ನ್ಯಾಯಬೆಲೆ ಅಂಗಡಿಯಲ್ಲಿ ಹೆಬ್ಬೆಟ್ಟು ಒತ್ತಿದರೆ ಯಂತ್ರ ಒಪ್ಪುವುದಿಲ್ಲ. ಬ್ಯಾಂಕ್ ಮಿತ್ರರ ಹತ್ತಿರವೂ ಹಾಗೆಯೇ. ಒಂದು ಅಜ್ಜಿಗೆ ಬೀಗ ಹಾಕಿಕೊಟ್ಟು ಇದನ್ನು ಹೇಳಲು ನಾನೇ ಮರೆತಿದ್ದೆ. ಅವರು ಎರಡು ಸಲ ಅಕ್ಕಿ ಸಿಗದೆ ವಾಪಸ್ ಹೋದರು. ಮೂರನೆಯ ಸಲ ಮಗಳು ನನ್ನ ಹತ್ತಿರ ಕರೆದುಕೊಂಡು ಬಂದಳು. ಆ ಚೀಲ ಕೈಯಲ್ಲಿ ಮಡಚಿ ಹಿಡಿದು ಅಜ್ಜಿ ಬಾಗಿಲಲ್ಲಿ ನಿಂತದ್ದು ಇನ್ನೂ ಕಣ್ಣ ಮುಂದೆ ಇದೆ. ಅಂಗಡಿಗೆ ಹೋದ ಮೇಲೆ ಅದೇ ಸೈಟಿನಲ್ಲಿ ಬೀಗ ತಾತ್ಕಾಲಿಕವಾಗಿ ತೆಗೆಯಬಹುದು. ಸ್ವಲ್ಪ ಹೊತ್ತಿನ ನಂತರ ಅದು ತಾನಾಗಿ ಮತ್ತೆ ಬೀಳುತ್ತದೆ. ಅದಕ್ಕೆ ಆಧಾರ್‌ಗೆ ಜೋಡಿಸಿದ ಮೊಬೈಲ್ ಕೈಯಲ್ಲಿರಬೇಕು, ಓಟಿಪಿ ಅದಕ್ಕೇ ಬರುತ್ತದೆ. ಮಗನ ಮೊಬೈಲ್ ನಂಬರ್ ಜೋಡಿಸಿದ್ದು, ಮಗ ಬೆಂಗಳೂರಿನಲ್ಲಿದ್ದರೆ ಪ್ರತಿ ತಿಂಗಳೂ ಅವನಿಗೆ ಫೋನ್ ಮಾಡಿ ಓಟಿಪಿ ಕೇಳಬೇಕಾಗುತ್ತದೆ. ಅಂಥವರಿಗೆ ಮೊದಲು ಆಧಾರ್ ಕೇಂದ್ರಕ್ಕೆ ಹೋಗಿ ತಮ್ಮದೇ ಮೊಬೈಲ್ ನಂಬರ್ ಜೋಡಿಸಿಕೊಳ್ಳಲು ಹೇಳಿ, ಬೀಗ ಆಮೇಲೆ ಹಾಕಿಸಲಿ.